ಟಿಬಿ ಡ್ಯಾಂ 19ನೇ ಗೇಟ್: ಏನಾಯ್ತು, ಎಷ್ಟು ನೀರು ಹೋಯ್ತು, ಮುಂದೇನು? | ಆ.12ರ ವಿಡಿಯೊ, ಆ.17ರ ಅಪ್‌ಡೇಟ್ ಕೆಳಗೆ

ಥಂಬ್‌ನೇಲ್ ಮೇಲಿನ ಸಾಲು

ಹೋಗಿದ್ದು ಒಂದು ಗೇಟ್, ಡ್ಯಾಂ ಅಲ್ಲ

(ಫೋಟೊ ಆಗಸ್ಟ್ 11ರ ಬೆಳಿಗ್ಗೆ ನಮ್ಮ ಕ್ಯಾಮೆರಾದಲ್ಲೇ ತೆಗೆದದ್ದು. ಕೆಂಪು ಬಾಣ, ಬೆಂಕಿ, ಅಳುವ ಮುಖ ಯಾವುದೂ ಬೇಡ. ತಾರೀಖು ಮೂಲೆಯಲ್ಲಿ ಕಾಣಲೇಬೇಕು.)

ವಿವರಣೆ

ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಆಗಸ್ಟ್ 10, 2024ರ ಶನಿವಾರ ರಾತ್ರಿ ಚೈನ್ ತುಂಡಾಗಿ ಕೊಚ್ಚಿ ಹೋಯಿತು. ಅಣೆಕಟ್ಟೆ ಒಡೆದಿಲ್ಲ. ಈ ಎರಡು ಮಾತನ್ನು ಮೊದಲು ಓದಿ, ಆಮೇಲೆ ವಿಡಿಯೊ ನೋಡಿ.

ಭಾನುವಾರ ಬೆಳಿಗ್ಗೆಯಿಂದ ಮೊಬೈಲ್‌ನಲ್ಲಿ 'ಡ್ಯಾಂ ಒಡೆದಿದೆ, ಊರು ಬಿಡಿ' ಅನ್ನೋ ಆಡಿಯೊ ಓಡಾಡ್ತಿದೆ. ಕಂಪ್ಲಿ ಕಡೆಯ ವೀಕ್ಷಕರೊಬ್ಬರು ಅದನ್ನ ನಮಗೇ ಕಳಿಸಿ, ಇದು ನಿಜವಾ, ಅಮ್ಮನ್ನ ಕರ್ಕೊಂಡು ಹೊರಡಬೇಕಾ ಅಂತ ಕೇಳಿದರು. ಈ ವಿಡಿಯೊ ಮಾಡಿದ್ದೇ ಅವರಿಗೆ ಸರಿಯಾದ ಉತ್ತರ ಕೊಡೋದಕ್ಕೆ. ನದಿ ಪಾತ್ರದ ಜನ ಎಚ್ಚರವಾಗಿರಲೇಬೇಕು, ಯಾಕಂದ್ರೆ ಹೊರಬಿಡುವ ನೀರು ಜಾಸ್ತಿ ಇದೆ. ಆದರೆ ಎಚ್ಚರಿಕೆ ಬೇರೆ, ಡ್ಯಾಂ ಒಡೆಯೋದು ಬೇರೆ, ಅಲ್ವಾ? ಎರಡನ್ನೂ ಒಂದೇ ಉಸಿರಲ್ಲಿ ಹೇಳಿದರೆ ಜನ ಗಾಬರಿಯಿಂದ ರಾತ್ರೋರಾತ್ರಿ ರಸ್ತೆಗೆ ಬರ್ತಾರೆ.

ಈಗ ಲೆಕ್ಕ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್, ಅಂದಾಜು ಎರಡು ಕೊಡ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಕ್ಯೂಸೆಕ್ ಹರಿವಿನ ವೇಗ ಹೇಳುತ್ತೆ, ಟಿಎಂಸಿ ಒಟ್ಟು ಎಷ್ಟು ನೀರು ಅಂತ ಹೇಳುತ್ತೆ. ಗೇಟ್ ಹೋದ ಜಾಗದಿಂದ ಸುಮಾರು 35,000 ಕ್ಯೂಸೆಕ್ ಹರಿಯುತ್ತಿತ್ತು. ಅದೊಂದೇ ಕಿಂಡಿಯಿಂದ ದಿನಕ್ಕೆ ಸುಮಾರು 3 ಟಿಎಂಸಿ. ಅದರ ಮೇಲೆ ಒತ್ತಡ ಇಳಿಸೋಕೆ ಬೇರೆ ಗೇಟ್‌ಗಳನ್ನೂ ತೆಗೆದರು. ಒಟ್ಟು ಹೊರಹರಿವು ಲಕ್ಷ ಕ್ಯೂಸೆಕ್ ಆದರೆ ದಿನಕ್ಕೆ 8.6 ಟಿಎಂಸಿ ಖಾಲಿ.

ಜಲಾಶಯದ ಈಗಿನ ಸಾಮರ್ಥ್ಯ 105.78 ಟಿಎಂಸಿ. ಕಟ್ಟಿದಾಗ ಇದು ಸುಮಾರು 133 ಇತ್ತು, ಉಳಿದದ್ದನ್ನ ಹೂಳು ತಿಂದಿದೆ. ಗೇಟ್ 60 ಅಡಿ ಅಗಲ, 20 ಅಡಿ ಎತ್ತರ. ಪೂರ್ಣ ಮಟ್ಟ 1633 ಅಡಿ, ಗೇಟ್ ಕೂರುವ ಅಂಚು 1613 ಅಡಿ. ಅಂದ್ರೆ ಒಣಗಿದ ಜಾಗದಲ್ಲಿ ನಿಂತು ಹೊಸ ಗೇಟ್ ಕೂರಿಸಬೇಕಾದರೆ ಮೇಲಿನ 20 ಅಡಿ ನೀರನ್ನ ಬಿಡಬೇಕು. 60 ಟಿಎಂಸಿ ಬಿಡಬೇಕಾಗುತ್ತೆ ಅನ್ನೋ ಮಾತು ಬಂದದ್ದು ಇಲ್ಲಿಂದ. ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯ ಭತ್ತದ ರೈತರ ಹೊಟ್ಟೆಯಲ್ಲಿ ಸಂಕಟ ಆಗಿದ್ದೂ ಇದೇ ಸಂಖ್ಯೆ ಕೇಳಿ. ನಾಟಿ ಮಾಡಿದ ಬೆಳೆಗೆ ನೀರು ಸಿಗುತ್ತಾ, ಎರಡನೇ ಬೆಳೆ ಗತಿ ಏನು ಅಂತ ಅವರು ಕೇಳ್ತಿದ್ದಾರೆ. ಆ ಪ್ರಶ್ನೆಗೆ ವಿಡಿಯೊದಲ್ಲಿ ಜಾಸ್ತಿ ಹೊತ್ತು ಕೊಟ್ಟಿದ್ದೇವೆ.

ಚೈನ್ ತುಂಡಾಗಿದ್ದು ಖಚಿತ. ಯಾಕೆ ತುಂಡಾಯ್ತು ಅನ್ನೋದನ್ನ ಪರಿಶೀಲನೆ ಹೇಳಬೇಕು. ಆ ವರದಿ ಬರೋ ತನಕ ಈ ವಿಡಿಯೊದಲ್ಲಿ 'ನಿರ್ಲಕ್ಷ್ಯ' ಅನ್ನೋ ಪದವನ್ನ ನಮ್ಮ ಮಾತಾಗಿ ಬಳಸಿಲ್ಲ. ರಾಜಕೀಯ ಪಕ್ಷದವರು ಹಾಗೆ ಹೇಳಿದ್ದರೆ, ಹೇಳಿದ್ದು ಅವರು ಅಂತಲೇ ತೋರಿಸಿದ್ದೇವೆ. ಅಣೆಕಟ್ಟೆ ನಿರ್ವಹಣೆ ತುಂಗಭದ್ರಾ ಮಂಡಳಿಯದು. ಅದರಲ್ಲಿ ಕೇಂದ್ರದ ಜೊತೆ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಇವೆ. ಇದು ಗೊತ್ತಿಲ್ಲದೆ ಒಬ್ಬರ ಕಡೆ ಬೆರಳು ತೋರಿಸೋದು ಸುಲಭ.

ನದಿ ದಡದಲ್ಲಿದ್ದರೆ: ನೀರಿಗೆ ಇಳಿಯಬೇಡಿ, ದನ ಮತ್ತು ಪಂಪ್‌ಸೆಟ್ ಮೇಲಕ್ಕೆ ತನ್ನಿ, ಹಂಪಿಯ ಪುರಂದರ ಮಂಟಪದ ಕಡೆ ಫೋಟೊಗೆ ಅಂತ ಹೋಗಬೇಡಿ. ಸ್ಥಳ ಬಿಡಬೇಕಾ ಅನ್ನೋದಕ್ಕೆ ತಾಲ್ಲೂಕು ಆಡಳಿತದ ಮಾತೇ ಅಂತಿಮ, ನಮ್ಮದಲ್ಲ. ತುರ್ತಿಗೆ 112.

ಅಧ್ಯಾಯಗಳು

0:00 ಶನಿವಾರ ರಾತ್ರಿ ಆಗಿದ್ದು ಇಷ್ಟು
0:52 ಕ್ರೆಸ್ಟ್ ಗೇಟ್ ಅಂದ್ರೇನು, ಚೈನ್ ಏನು ಕೆಲಸ ಮಾಡುತ್ತೆ
2:20 ಉಳಿದ ಗೇಟ್‌ಗಳನ್ನ ಯಾಕೆ ತೆಗೆದರು
3:41 ಕ್ಯೂಸೆಕ್, ಟಿಎಂಸಿ: ಕೊಡದ ಲೆಕ್ಕದಲ್ಲಿ
5:10 ಭತ್ತದ ರೈತರ ಪ್ರಶ್ನೆ
8:36 ನದಿ ಕೆಳಗಿನ ಊರುಗಳು, ಆಂಧ್ರ ಮತ್ತು ತೆಲಂಗಾಣ
9:48 ಇನ್ನೂ ಗೊತ್ತಾಗಬೇಕಾದದ್ದು

ತಿದ್ದುಪಡಿ (ಆಗಸ್ಟ್ 12, ರಾತ್ರಿ 9:30)

4:38ರಲ್ಲಿ ನಿರೂಪಕರು '35,000 ಟಿಎಂಸಿ' ಅಂದಿದ್ದಾರೆ. ಅದು ತಪ್ಪು. 35,000 ಕ್ಯೂಸೆಕ್ ಆಗಬೇಕು. ಅಷ್ಟು ಟಿಎಂಸಿ ನೀರು ಇಂಥ ಮುನ್ನೂರು ಜಲಾಶಯ ಸೇರಿಸಿದರೂ ಇರಲ್ಲ. ಮೊದಲು ಗಮನಕ್ಕೆ ತಂದ ಸಿಂಧನೂರಿನ ವೀಕ್ಷಕರಿಗೆ ಥ್ಯಾಂಕ್ಸ್. ಆ ಜಾಗದಲ್ಲಿ ಪರದೆ ಮೇಲೆ ಸರಿಯಾದ ಅಕ್ಷರ ಬರೋ ಹಾಗೆ ಮಾಡಿದ್ದೇವೆ, ಸಬ್‌ಟೈಟಲ್ ಕೂಡ ತಿದ್ದಿದ್ದೇವೆ. ತಪ್ಪು ಮಾತನ್ನ ಕತ್ತರಿಸಿ ತೆಗೆದಿಲ್ಲ, ಈಗಾಗಲೇ ನೋಡಿದವರಿಗೆ ತಿದ್ದುಪಡಿ ಸಿಗಬೇಕು.

ಅಪ್‌ಡೇಟ್ (ಹೊಸದು ಮೇಲೆ)

ಆಗಸ್ಟ್ 17: ಗೇಟ್ ಬದಲು ನೀರು ತಡೆಯೋಕೆ ಒಂದರ ಮೇಲೊಂದು ಇಳಿಸುವ ಅಡ್ಡ ತುಂಡುಗಳೇ ಸ್ಟಾಪ್‌ಲಾಗ್. ಅದರ ಐದನೇ ತುಂಡೂ ಕೂತಿದೆ, 19ನೇ ಗೇಟ್ ಜಾಗ ಮುಚ್ಚಿದೆ. ಒಂದೊಂದು ತುಂಡು 4 ಅಡಿ ಎತ್ತರ, ಐದು ಸೇರಿ 20 ಅಡಿ. ಜಲಾಶಯದಲ್ಲಿ ಸುಮಾರು 70 ಟಿಎಂಸಿ ಉಳಿದಿದೆ. ಇದು ತಾತ್ಕಾಲಿಕ ವ್ಯವಸ್ಥೆ, ಹೊಸ ಗೇಟ್ ಅಲ್ಲ. ಹಾಗಾಗಿ ಶೀರ್ಷಿಕೆಯಲ್ಲಿ 'ಗೇಟ್ ಸರಿಹೋಯ್ತು' ಅಂತ ಬರೆದಿಲ್ಲ.

ಆಗಸ್ಟ್ 16: ಸಂಜೆ ಮೊದಲ ತುಂಡು ಇಳಿಸಿದರು, ಅದೂ ಹರಿಯುವ ನೀರಿನಲ್ಲೇ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸ ನಡೀತಿದೆ. ವಿಡಿಯೊದಲ್ಲಿ 60 ಟಿಎಂಸಿ ಬಿಟ್ಟ ಮೇಲೇನೇ ದುರಸ್ತಿ ಅಂದಿದ್ದೆವು. ಆವತ್ತಿನ ಅಧಿಕೃತ ಅಂದಾಜು ಅದೇ ಆಗಿತ್ತು, ಇವತ್ತಿಗೆ ಅದು ಹಳೇದಾಯ್ತು. ಆ ಭಾಗ ನೋಡುವಾಗ ಇದನ್ನ ನೆನಪಿಡಿ.

ಆಗಸ್ಟ್ 13: ಮುಖ್ಯಮಂತ್ರಿ ಸಿದ್ದರಾಮಯ್ಯ ಡ್ಯಾಂಗೆ ಭೇಟಿ ಕೊಟ್ಟರು.

ಪಿನ್ ಮಾಡಿದ ಕಾಮೆಂಟ್

ಈ ವಿಡಿಯೊ ಆಗಸ್ಟ್ 12ರ ಮಧ್ಯಾಹ್ನದ ತನಕದ ಮಾಹಿತಿ. ಆಮೇಲಿನದು ವಿವರಣೆಯಲ್ಲಿದೆ, ದಯವಿಟ್ಟು ಅದನ್ನೂ ಓದಿ. ನಿಮ್ಮ ಊರಲ್ಲಿ ನೀರು ಎಲ್ಲಿ ತನಕ ಬಂದಿದೆ ಅಂತ ಬರೆಯೋರು ಊರು, ದಿನ, ಹೊತ್ತು ಸೇರಿಸಿ ಬರೆಯಿರಿ. ಹಳೇ ಪ್ರವಾಹದ ವಿಡಿಯೊ ಇದರದ್ದು ಅಂತ ಹಾಕಿದ್ರೆ ತೆಗೆದುಹಾಕ್ತೇವೆ, ಬೇಜಾರು ಮಾಡ್ಕೋಬೇಡಿ. ಕಾಲುವೆ ಕೊನೇ ಭಾಗದ ರೈತರು ನಿಮ್ಮ ಹೊಲಕ್ಕೆ ಈ ವಾರ ನೀರು ಬಂತಾ ಇಲ್ವಾ ಅಂತ ತಿಳಿಸಿ. ಮುಂದಿನ ವಿಡಿಯೊ ಅದರ ಮೇಲೇ ಮಾಡ್ತಿದ್ದೇವೆ.

ಟ್ಯಾಗ್‌ಗಳು

ತುಂಗಭದ್ರಾ, ಟಿಬಿ ಡ್ಯಾಂ, 19ನೇ ಗೇಟ್, ಕ್ರೆಸ್ಟ್ ಗೇಟ್, ಸ್ಟಾಪ್‌ಲಾಗ್, ತುಂಗಭದ್ರಾ ಮಂಡಳಿ, ಮುನಿರಾಬಾದ್, ಹೊಸಪೇಟೆ, ಕೊಪ್ಪಳ, ವಿಜಯನಗರ, ಬಳ್ಳಾರಿ, ರಾಯಚೂರು, ಎಡದಂಡೆ ಕಾಲುವೆ, ಭತ್ತ, ಕ್ಯೂಸೆಕ್ ಟಿಎಂಸಿ ಅಂದ್ರೇನು, ಆಗಸ್ಟ್ 2024

#ತುಂಗಭದ್ರಾ #ಟಿಬಿಡ್ಯಾಂ #ರೈತರು