ಮಂಜುಂದು

ಸಂಕ್ರಾಂತಿಗೆ ನಾಲ್ಕು ದಿನ ರಜೆ ಸಿಕ್ಕಿತ್ತು. ಹಾಸನದಲ್ಲಿ ಇಳಿದು ಅಮ್ಮನಿಗೊಂದು ಟಿವಿ ತಗೊಂಡು, ಗೆಳೆಯನ ಪಿಕಪ್‌ನಲ್ಲಿ ಹಾಕಿಕೊಂಡು ಹಾನುಬಾಳಿನ ಮನೆಗೆ ಬಂದೆ. ಅಪ್ಪ ಇಲ್ಲದ ಮೊದಲ ಸಂಕ್ರಾಂತಿ. ಮನೆ ತುಂಬಾ ಸುಮ್ಮನಿತ್ತು, ಟಿವಿ ಇದ್ದರೆ ಏನಾದರೂ ಸದ್ದಾದರೂ ಇರುತ್ತೆ ಅಂತ ಅನಿಸಿತ್ತು.

ಗೋಡೆಗೆ ಟಿವಿ ಹಾಕಿ, ವೈಫೈ ಕೊಟ್ಟು, ಯೂಟ್ಯೂಬ್ ತೆರೆದರೆ ಅಕೌಂಟ್ ಕೇಳಿತು. ನನ್ನದನ್ನು ಹಾಕಲು ಮನಸ್ಸಾಗಲಿಲ್ಲ. ಮನೆಯದು ಅಂತ ಒಂದು ಹಳೇ ಅಕೌಂಟ್ ಇತ್ತು, ಅಪ್ಪನಿಗೆ ಮೊದಲ ಸ್ಮಾರ್ಟ್‌ಫೋನ್ ಕೊಡಿಸಿದಾಗ ನಾನೇ ಮಾಡಿದ್ದು. ಅಪ್ಪ, ಅಕ್ಕ, ನಾನು ಮೂವರೂ ಅದರಲ್ಲೇ ಇದ್ದೆವು. ಆಮೇಲೆ ಅಕ್ಕ ಮದುವೆಯಾಗಿ ಅರಸೀಕೆರೆಗೆ ಹೋದಳು, ಬೇರೆ ಮಾಡಿಕೊಂಡಳು. ನಾನೂ ಬೇರೆ ಮಾಡಿಕೊಂಡೆ. ಅಪ್ಪ ಒಬ್ಬರೇ ಉಳಿದರು.

ಪಾಸ್‌ವರ್ಡ್ ನೆನಪಿತ್ತು. ಹಾಕಿದೆ. ನಿಮ್ಮ ಫೋನ್ ನೋಡಿ ಎಂದಿತು ಟಿವಿ.

ಆ ಫೋನು ಬೀರುವಿನಲ್ಲಿತ್ತು. ಅಮ್ಮ ಅದನ್ನು ಅಪ್ಪನ ಕನ್ನಡಕದ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಮೂಲೆಯಲ್ಲಿ ಗಾಜು ಒಡೆದಿತ್ತು. ಹಿಂದಿನ ಕವರ್ ತೆಗೆದರೆ ಒಳಗೆ ಒಂದು ಹತ್ತು ರೂಪಾಯಿ ನೋಟು, ಮಡಚಿಟ್ಟ ಬಸ್ ಟಿಕೆಟ್ಟು. ಚಾರ್ಜಿಗೆ ಹಾಕಿ ಕಾಯುತ್ತಾ ಕೂತೆ. ಅಮ್ಮ ಎದುರಿಗೆ ಮೊರ ಇಟ್ಟುಕೊಂಡು ಅವರೆಕಾಳು ಹಿದುಕುತ್ತಿದ್ದರು, ಫೋನಿನ ಕಡೆ ನೋಡಲೇ ಇಲ್ಲ.

ಫೋನ್ ಆನ್ ಆಗಿ ಸ್ವಲ್ಪ ಹೊತ್ತಿಗೆ ಪರದೆ ಮೇಲೆ ಪ್ರಶ್ನೆ ಬಂತು. ಸೈನ್ ಇನ್ ಮಾಡುತ್ತಿರುವುದು ನೀವೇನಾ ಅಂತ. ಕೆಳಗೆ ಎರಡೇ ಉತ್ತರ, ಹೌದು ನಾನೇ, ಅಲ್ಲ ನಾನಲ್ಲ. ಅಪ್ಪನ ಫೋನು, ಅಪ್ಪನ ಪರವಾಗಿ ನಾನು. ಬೆರಳು ಅಲ್ಲೇ ನಿಂತುಬಿಟ್ಟಿತು. ಆಮೇಲೆ ಹೌದು ಒತ್ತಿದೆ.

ಟಿವಿಯಲ್ಲಿ ಮೂರು ಪ್ಲೇಲಿಸ್ಟ್ ಕಂಡವು. ಅಪ್ಪ ಪ್ಲೇಲಿಸ್ಟ್ ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ. ಒಂದರ ಹೆಸರು 'ನಂದು'. ಇನ್ನೊಂದು 'ಸರೋಜಂಗೆ'. ಮೂರನೆಯದು 'ಮಂಜುಂದು'.

ಅಮ್ಮನದ್ದನ್ನು ಮೊದಲು ತೆರೆದೆ. ಹಾಡೇ ಇಲ್ಲ. ಎರಡು ವಿಡಿಯೋ. ಮಂಡಿ ನೋವಿಗೆ ಕೂತು ಮಾಡುವ ವ್ಯಾಯಾಮ ಒಂದು, ಕುಕ್ಕರ್ ವಿಷಲ್ ಕೂಗದಿದ್ದರೆ ಏನು ಮಾಡಬೇಕು ಅನ್ನೋದು ಇನ್ನೊಂದು. ಅಮ್ಮ ನೋಡಿ, "ಅದೇ ನೋಡ್ಕೊಂಡು ರಿಪೇರಿ ಮಾಡಿದ್ದು, ಈಗ್ಲೂ ಕೂಗುತ್ತೆ" ಎಂದರು.

'ನಂದು' ತೆರೆದರೆ ಹತ್ತು ಹಾಡು. ಅಪ್ಪ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರಾತ್ರಿ ಊಟಕ್ಕೆ ಮುಂಚೆ ಹಾಜರಿ ಪುಸ್ತಕ ಬಿಚ್ಚಿ, ಯಾರು ಬಂದರು, ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅಂತ ಬರೆಯುವಾಗ ಹಾಡು ಬೇಕೇ ಬೇಕು. ಪಿ.ಬಿ. ಶ್ರೀನಿವಾಸ್ ಅಂದರೆ ಪ್ರಾಣ. ತೆರೆ ಮೇಲೆ ರಾಜ್‌ಕುಮಾರ್, ದನಿ ಪಿ.ಬಿ.ಯವರದ್ದು. 1974ರಿಂದ ಈಚೆಗೆ ಅಣ್ಣಾವ್ರು ಹೆಚ್ಚಾಗಿ ತಾವೇ ಹಾಡಿದರು ಅಂತ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಸಿ. ಅಶ್ವಥ್ ಹಾಡು ಬಂದರೆ ಪೆನ್ನು ಕೆಳಗಿಟ್ಟು, "ನಮ್ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು ಕಣೋ" ಅನ್ನುತ್ತಿದ್ದರು. ಪ್ರತಿ ಸಲ ಅನ್ನುತ್ತಿದ್ದರು. ನಾನು ಪ್ರತಿ ಸಲ ಹೂಂ ಅನ್ನುತ್ತಿದ್ದೆ.

ಆಮೇಲೆ 'ಮಂಜುಂದು' ತೆರೆದೆ. ಅರವತ್ಮೂರು ವಿಡಿಯೋ.

ಅಪ್ಪನಿಗೆ ಗೊತ್ತೇ ಇರದಂಥ ಹಾಡುಗಳು. ಇಂಗ್ಲಿಷ್ ಹಾಡು, ರ‍್ಯಾಪು, ತಮಿಳು ಸಿನಿಮಾದ್ದು. ನಡುನಡುವೆ ಜಾವಾ ಪಾಠಗಳು, ಒಂದು ಬೈಕ್ ರಿವ್ಯೂ, ಒಂದು ಕ್ರಿಕೆಟ್ ಪಂದ್ಯದ ಮುಖ್ಯಾಂಶ, ಇಂಟರ್‌ವ್ಯೂನಲ್ಲಿ ಹೇಗೆ ಮಾತಾಡಬೇಕು ಅನ್ನೋದು. ಕೆಳಗೆ ಹೋದ ಹಾಗೆ ಎಲ್ಲ ಗುರುತು ಸಿಕ್ಕಿತು. ನಾನು ಕೆಲಸ ಹುಡುಕುತ್ತಿದ್ದ ವರ್ಷ ನೋಡಿದ್ದವು ಇವು. ನಾನು ಯಾವ ಲಿಸ್ಟಿಗೂ ಹಾಕಿರಲಿಲ್ಲ, ಸುಮ್ನೆ ನೋಡಿ ಬಿಟ್ಟಿದ್ದೆ.

"ಅಮ್ಮ, ಇದನ್ನ ಅಪ್ಪ ಯಾವಾಗ ಮಾಡಿದ್ದು?"

"ನೀನು ಫೋನಲ್ಲಿ ಬೈದೆಯಲ್ಲ, ಆಗ."

ನೆನಪಾಯಿತು. 2021, ಬೆಂಗಳೂರಿನ ರೂಮು. ನನ್ನ ಫೋನ್ ತೆರೆದರೆ ಬರೀ ದೇವರನಾಮ, ಹಳೇ ಹಾಡು, ಕಾಳುಮೆಣಸಿನ ರೋಗಕ್ಕೆ ಔಷಧಿ. ಅಪ್ಪನಿಗೆ ಫೋನ್ ಮಾಡಿ, "ನಿನ್ನ ಹಾಡು ಹಾಕಿ ಹಾಕಿ ನಂದೆಲ್ಲ ಹಾಳು ಮಾಡಿಬಿಟ್ಟೆ, ಒಂದೂ ಸಿಕ್ತಾ ಇಲ್ಲ" ಅಂತ ಕೂಗಾಡಿದ್ದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಹೌದಾ ಮಗಾ? ಹೋಗೇಬಿಟ್ವಾ ನಿನ್ನವು?" ಎಂದಿದ್ದರು. ನಾನು ಉತ್ತರ ಕೊಡದೆ ಇಟ್ಟಿದ್ದೆ. ಅದೇ ವಾರ ಹೊಸ ಅಕೌಂಟ್ ಮಾಡಿಕೊಂಡೆ. ಹೇಳಲೂ ಇಲ್ಲ.

ಅಪ್ಪ ನಿಜವಾಗಲೂ ಹೋಗಿಬಿಟ್ಟವು ಅಂದುಕೊಂಡಿದ್ದಾರೆ. "ಎದುರುಮನೆ ಹುಡುಗಿ ಹತ್ರ ಕೇಳ್ಕೊಂಡು ಬಂದ್ರು" ಅಂದರು ಅಮ್ಮ. "ಹಳೇದೆಲ್ಲ ಒಂದು ಕಡೆ ಇರುತ್ತಂತಲ್ಲ, ಅದನ್ನ ತೋರಿಸಿಕೊಟ್ಟಳು. ಆಗ ಮನೇಲಿ ನೆಟ್‌ವರ್ಕ್ ಎಲ್ಲಿತ್ತು? ಕಣದ ಮೂಲೇಲಿ ಮಾತ್ರ. ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಿ ಆದ್ಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದಾಗಿ ಹೆಕ್ಕಿ ಹಾಕಿದ್ರು. ಎಷ್ಟು ದಿನ ಅಂತೀಯ. ಇದು ಹುಡುಗಂದಾ ನಂದಾ ಅಂತ ನನ್ನ ಕೇಳೋರು, ನಂಗೇನು ಗೊತ್ತು?"

"ನಂಗೆ ಹೇಳಲೇ ಇಲ್ಲವಲ್ಲ."

"ನೀನು ಬಂದಾಗ ತೋರಿಸ್ತೀನಿ ಅಂದಿದ್ರು. ನೀನು ಬಂದ ದಿನ ಏನೋ ಗಡಿಬಿಡಿ. ಆಮೇಲೆ ಮರೆತರೋ ಏನೋ."

ಅಮ್ಮ ಮತ್ತೆ ಕಾಳು ಹಿದುಕತೊಡಗಿದರು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಬಂದೆ.

ಅಪ್ಪನ ಫೋನಿನಲ್ಲೇ 'ನಂದು' ಹಾಕಿದೆ. ಮೊದಲ ಹಾಡು ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದು ಶುರುವಾದ ಕೂಡಲೇ ಅಮ್ಮ ತಲೆ ಎತ್ತಿದರು. "ಇದಲ್ಲ. ಇದು ನಾಲ್ಕನೇದು."

ಲಿಸ್ಟಿನ ಮೂರು ಚುಕ್ಕಿ ಒತ್ತಿ ನೋಡಿದೆ. ಲಭ್ಯವಿಲ್ಲದ ವಿಡಿಯೋಗಳನ್ನು ತೋರಿಸು ಅಂತ ಒಂದು ಆಯ್ಕೆ ಇರುತ್ತೆ. ಒತ್ತಿದರೆ ಮೂರನೇ ಜಾಗದಲ್ಲಿ ಬೂದು ಬಣ್ಣದ ಚೌಕ, ಡಿಲೀಟೆಡ್ ವಿಡಿಯೋ ಅಂತ ಮಾತ್ರ. ಹೆಸರೂ ಇಲ್ಲ, ಏನೂ ಇಲ್ಲ. ಯಾರೋ ಹಾಕಿದವರು ತೆಗೆದುಬಿಟ್ಟಿದ್ದಾರೆ.

"ಅವರೂ ಅದನ್ನೇ ಹೇಳ್ತಿದ್ರು" ಎಂದರು ಅಮ್ಮ. "ಯಾಕೋ ಆ ಹಾಡು ಬರ್ತಾನೇ ಇಲ್ಲ ಕಣೇ, ಮಂಜ ಬಂದಾಗ ಕೇಳ್ಬೇಕು ಅಂತ."

"ಯಾವ ಹಾಡಮ್ಮ ಅದು?"

"ಹೆಸರು ಗೊತ್ತಿಲ್ಲ. ಎರಡನೇದಕ್ಕೆ ಅನ್ನ ಬಸಿಯೋಕೆ ಇಡ್ತಿದ್ದೆ, ಅದು ಬಂದ್ರೆ ತಟ್ಟೆ ಹಾಕ್ತಿದ್ದೆ."

ಆಮೇಲೆ ಮೊರ ಪಕ್ಕಕ್ಕೆ ಸರಿಸಿ, ಕೈ ಸೆರಗಿಗೆ ಒರೆಸಿಕೊಂಡು, ಗೋಡೆ ಕಡೆ ನೋಡುತ್ತಾ ಹಾಡಿದರು. ಪಲ್ಲವಿ ಬರಲಿಲ್ಲ, ಚರಣದ ಒಂದೂವರೆ ಸಾಲು ಬಂತು. ಅಮ್ಮ ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಸಾಲನ್ನೇ ಹಾಗೇ ಟೈಪ್ ಮಾಡಿ ಹುಡುಕಿದೆ. ನಾಲ್ಕನೆಯದೋ ಐದನೆಯದೋ ವಿಡಿಯೋ ಹಾಕಿದಾಗ ಅಮ್ಮ, "ಹಾಂ, ಹಾಂ, ಇದೇ" ಎಂದರು.

'ನಂದು'ಗೆ ಸೇರಿಸಿದೆ. ಹೊಸದಾಗಿ ಸೇರಿಸಿದ್ದು ಹೋಗಿ ಕೊನೆಯಲ್ಲಿ ಕೂತಿತು. ಅದರ ಪಕ್ಕದ ಗೆರೆಗಳನ್ನು ಬೆರಳಿಂದ ಹಿಡಿದು ಮೇಲೆ ಎಳೆದೆ. ಅಪ್ಪನ ಫೋನು ನಿಧಾನ, ಒಡೆದ ಗಾಜಿನ ಮೇಲೆ ಬೆರಳು ತಡೆಯುತ್ತಿತ್ತು, ಎರಡು ಸಲ ಜಾರಿ ಆರನೇ ಜಾಗದಲ್ಲೇ ನಿಂತಿತು. ಮೂರನೇ ಸಲಕ್ಕೆ ಮೂರನೇ ಜಾಗಕ್ಕೆ ಬಂತು.

"ಮೊದಲಿಂದ ಹಾಕು ಮಗಾ" ಎಂದು ಅಮ್ಮ ಅನ್ನಕ್ಕೆ ಇಡಲು ಎದ್ದರು.