ನೀ ದೂರ ಹೋದ ಮೇಲೆ

ಬಸಿಯಲ್ಲಿನ ಚಹಾ ಆರಿತು, ಎದೆಯ ಉರಿ ಆರಲಿಲ್ಲ ನೀ ದೂರ ಹೋದ ಮೇಲೆ
ಬುತ್ತಿ ಬಿಚ್ಚಿದೆ, ತುತ್ತು ಗಂಟಲಲ್ಲಿ ಜಾರಲಿಲ್ಲ ನೀ ದೂರ ಹೋದ ಮೇಲೆ

ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವ ಕೈ ನನ್ನದು
ಹರಿದುಹೋದ ನಮ್ಮ ಒಂದೇ ಒಂದು ಎಳೆ ಸೇರಲಿಲ್ಲ ನೀ ದೂರ ಹೋದ ಮೇಲೆ

ಗೋಳಗುಮ್ಮಟದಲ್ಲಿ ನಿನ್ನ ಹೆಸರು ಕರೆದೆ, ಏಳು ಸಲ ಅದೇ ಮರಳಿ ಬಂತು
ಬರದವನು ನೀನೊಬ್ಬನೇ, ಆ ಮೆಟ್ಟಿಲು ಮತ್ತೆ ಏರಲಿಲ್ಲ ನೀ ದೂರ ಹೋದ ಮೇಲೆ

ಪುಣೆಯಲ್ಲಿ ನಿನ್ನ ಪಾಳಿ ಮುಗಿಯಲು ಮಧ್ಯರಾತ್ರಿ ಆಗುತ್ತದಂತೆ, ಇರಲಿ ಬಿಡು
ಬೆಳಗಾದರೂ ಮೊಬೈಲಿನಲ್ಲಿ ನಿನ್ನ ಹೆಸರು ತೋರಲಿಲ್ಲ ನೀ ದೂರ ಹೋದ ಮೇಲೆ

ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಕೂಡಿಯೇ ಕೂಡುತ್ತಾಳೆ, ಎಂಥ ಪುಣ್ಯವಂತೆ!
ಹೊಟ್ಟೆಕಿಚ್ಚಿಗೆ ಸುಮ್ನೆ ಕೈಮುಗಿದೆ, ಏನೂ ಕೋರಲಿಲ್ಲ ನೀ ದೂರ ಹೋದ ಮೇಲೆ

ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ ಹೊತ್ತು ಚರಗ ಚೆಲ್ಲಲು ಹೊಲಕ್ಕೆ ಹೋದೆವು
ತೆನೆ ತುಂಬಿದ ಬಿಳಿಜೋಳದಿಂದ ಒಂದು ಹಕ್ಕಿಯೂ ಹಾರಲಿಲ್ಲ ನೀ ದೂರ ಹೋದ ಮೇಲೆ

ಬೇರೆ ಸಂಬಂಧ ಬಂತು. ಅವ್ವ ಜಾಸ್ತಿ ಕೇಳಲಿಲ್ಲ, ನಾನೂ ಜಾಸ್ತಿ ಹೇಳಲಿಲ್ಲ
ನೀ ಮೆಚ್ಚಿದ ಆ ಇಳಕಲ್ಲ ಸೀರೆಯನ್ನು ಯಾರಿಗೂ ಮಾರಲಿಲ್ಲ ನೀ ದೂರ ಹೋದ ಮೇಲೆ

'ಮರುಳಿ', ಗಜಲ್ ಬರೆದರೆ ನೋವು ಸೋರಿ ಹೋಗುತ್ತದೆ ಅಂದವರು ಯಾರೇ?
ಇಷ್ಟೆಲ್ಲ ಬರೆದೆ, ಒಂದು ಹನಿಯೂ ಸೋರಲಿಲ್ಲ ನೀ ದೂರ ಹೋದ ಮೇಲೆ