ಬೋಜಕಾರನ ಮಾತು

ದಂಪತಿ ಮುಹೂರ್ತ ಮುಗಿದು ಇನ್ನೇನು ಊಟಕ್ಕೆ ಏಳಬೇಕು, ಅಷ್ಟರಲ್ಲಿ ವರನ ಜೊತೆಗಾರನಾದ ಬೋಜಕಾರ ಪೂಣಚ್ಚನ ಕೈಗೆ ಯಾರೋ ಮೈಕ್ ಕೊಟ್ಟರು. ಗೋಣಿಕೊಪ್ಪದ ಆ ಮಂಟಪದಲ್ಲಿ ವಾಲಗ ನಿಂತಿತು. ಬಿಳಿ ಕುಪ್ಯ ತೊಟ್ಟ ವರ ಬೋಪಣ್ಣ ನಕ್ಕು, "ಎರಡೇ ಮಾತು" ಎಂದು ಬೆರಳು ತೋರಿಸಿದ.

"ಹಿರಿಯರಿಗೆಲ್ಲ ನಮಸ್ಕಾರ. ಮೈಸೂರಿನಿಂದ ಬಂದವರೂ ಇದ್ದೀರಿ, ಕನ್ನಡದಲ್ಲೇ ಮಾತಾಡ್ತೇನೆ. ದೇಚಮ್ಮ, ನಿನಗೆ ಸಿಕ್ಕಿದ ಗಂಡ ಎಂಥವನು ಅಂತ ಹೇಳೋದು ನನ್ನ ಕೆಲಸ. ಒಂದೇ ಮಾತಲ್ಲಿ ಹೇಳಬೇಕಂದ್ರೆ, ಕಷ್ಟಜೀವಿ. ನಮ್ಮಲ್ಲಿ ಎಷ್ಟು ಜನ ಸ್ವಂತ ಕೈಯಿಂದ ಗೊಬ್ಬರದ ಗುಂಡಿ ತೋಡ್ತೇವೆ? ಬೋಪು ತೋಡಿದ್ದಾನೆ. ಫೆಬ್ರವರಿಯಲ್ಲಿ, ರೊಬಸ್ಟಾ ಕಾಫಿ ಪಲ್ಪಿಂಗ್ ನಡೀತಿದ್ದಾಗ, ಆಳು ಕರೆಯದೆ, ಒಬ್ಬನೇ. ಅದೂ ರಾತ್ರಿ."

ಚಪ್ಪಾಳೆ ಬಿತ್ತು. ಬೋಪಣ್ಣನೂ ತಟ್ಟಿದ.

"ಕಾಫಿ ಸಿಪ್ಪೆ ಕೊಳೆಯಲಿಕ್ಕೆ ಮೂರಡಿ ಆಳ ಸಾಕು. ಅದಕ್ಕಿಂತ ಕೆಳಗೆ ಗಾಳಿ ಆಡೋದಿಲ್ಲ, ನಾರ್ತದೆ. ಇವನು ಆರಡಿ ತೋಡಿದ. ಉದ್ದ ಏಳಡಿ, ಅಗಲ ಮೂರು. ಅಗಲ ಸಾಲದು ಅಂದೆ. 'ಸಾಕು, ಅಳತೆ ತಗೊಂಡೇ ತೋಡಿದ್ದು' ಅಂದ. ಅಷ್ಟು ಶಿಸ್ತು!

"ಸಿಪ್ಪೆ ಅರ್ಧ ಅಡಿ, ಮೇಲೆ ಸಗಣಿ ನೀರು, ಆಮೇಲೆ ತೆಳ್ಳಗೆ ಮಣ್ಣು. ಹೀಗೆ ಪದರ ಹಾಕಬೇಕು. ಒಂದು ಹಿಡಿ ಹಿಂಡಿದರೆ ನೀರು ಜಿನುಗಬೇಕು, ಸುರೀಬಾರದು. ತಿಂಗಳಿಗೊಮ್ಮೆ ಮಗುಚಬೇಕು. ಬೋಪು ಮಗುಚಲಿಕ್ಕೆ ಯಾರನ್ನೂ ಬಿಡಲಿಲ್ಲ. ಅಷ್ಟು ಪ್ರೀತಿ ಆ ಗುಂಡಿ ಮೇಲೆ. ಪ್ರೀತಿ ಅಂದಾಗ ನೆನಪಾಯ್ತು, ಇವತ್ತು ಚಂಗಪ್ಪ ದೊಡ್ಡಪ್ಪ ಇಲ್ಲಿ ಇರಬೇಕಿತ್ತು. ಅದೇ ರಾತ್ರಿಯಲ್ವಾ ಬೋಪು, ಅವರು ಕಾಶಿಗೆ ಹೊರಟದ್ದು?"

ಬೋಪಣ್ಣ ಮಂಡೆತುಣಿ ಸರಿಮಾಡಿಕೊಂಡ.

"ಪಟ್ಟೆದಾರರು ಅವರು, ಮನೆತನಕ್ಕೇ ಹಿರಿಯರು. ಕುಟುಂಬದ ಜಮ್ಮಾ ಜಾಗದ ಕಾಗದಕ್ಕೆ ಹತ್ತು ವರ್ಷ ಸಹಿ ಹಾಕಲಿಲ್ಲ, ನಿಮಗೆಲ್ಲ ಗೊತ್ತು. ಕಾಶಿಗೆ ಹೋದ ವಾರಕ್ಕೇ ಸಹಿ ಬಂತು! ಗಂಗೆ ಮನಸ್ಸು ಕರಗಿಸಿದಳು. ಹೋಗುವ ಭರದಲ್ಲಿ ಪಾಪ, ಹಲ್ಲಿನ ಸೆಟ್ಟು ಲೋಟದಲ್ಲೇ ಬಿಟ್ಟಿದ್ದಾರೆ. ಕನ್ನಡಕವೂ ಇಲ್ಲೇ ಇದೆ. ಆದ್ರೂ ದಿನಾ ವಾಟ್ಸಾಪ್ ಮಾಡ್ತಾರೆ."

ಮುಂದಿನ ಸಾಲಿನಲ್ಲಿ ದೇಚಮ್ಮನ ಸೋದರಮಾವ, ಸಬ್ ಇನ್‌ಸ್ಪೆಕ್ಟರ್, ಕೈಯಲ್ಲಿದ್ದ ಗ್ಲಾಸ್ ಕೆಳಗಿಟ್ಟರು.

"ಪೂಣಚ್ಚ, ಪಂದಿಕರಿ ಆರ್ತದೆ" ಎಂದ ಬೋಪಣ್ಣ.

"ಒಂದೇ ನಿಮಿಷ, ಮುಖ್ಯವಾದ್ದು ಈಗ ಬರ್ತದೆ. ಸುಣ್ಣದ ವಿಷಯ. ಪ್ಲಾಂಟರ್‌ಗಳೆಲ್ಲ ಕೇಳಬೇಕು, ತುಂಬ ಜನ ಇದೇ ತಪ್ಪು ಮಾಡ್ತಾರೆ. ಬೋಪು ಆ ಗುಂಡಿಗೆ ಎಂಟು ಚೀಲ ಸುಟ್ಟ ಸುಣ್ಣ ಸುರಿದಿದ್ದಾನೆ, ಬೇಗ ಕರಗಲಿ ಅಂತ. ಕರಗೋದಿಲ್ಲ! ಸುಣ್ಣ ಹೆಚ್ಚಾದರೆ ಕೊಳೆಸುವ ಸೂಕ್ಷ್ಮಜೀವಿಗಳೇ ಸಾಯ್ತವೆ. ಸಗಣಿಯ ಸಾರಜನಕ ಅಮೋನಿಯಾ ಆಗಿ ಹಾರಿಹೋಗ್ತದೆ. ಒಳಗಿದ್ದದ್ದಕ್ಕೆ ಸುಣ್ಣ ಕವಚದ ಹಾಗೆ ಕಟ್ಟಿಕೊಳ್ತದೆ. ಎಷ್ಟು ತಿಂಗಳಾದರೂ ಹಾಕಿದ ಹಾಗೇ ಇರ್ತದೆ, ಗುರುತು ಹಿಡೀಬಹುದು. ಮೊನ್ನೆ ಇದನ್ನು ಹೇಳಿದಾಗ ಬೋಪುವಿನ ಮುಖ ನೋಡಬೇಕಿತ್ತು. ಗೊಬ್ಬರ ಹಾಳಾಯ್ತಲ್ಲ ಅಂತ ಅಷ್ಟು ಸಂಕಟ ಪಡುವ ಹುಡುಗ ಈ ಕಾಲದಲ್ಲಿ ಸಿಗ್ತಾನಾ, ದೇಚಮ್ಮ?"

ದೇಚಮ್ಮ ಉತ್ತರಿಸಲಿಲ್ಲ. ಕುರ್ಚಿ ಒಂದು ಗೇಣು ಆಚೆ ಸರಿಸಿಕೊಂಡಳು.

"ಹೂಮಳೆ ಬಿದ್ದಾಗ ಗುಂಡಿ ನಡುವಲ್ಲಿ ಒಂದಡಿ ಕುಸಿಯಿತು. ಅಷ್ಟು ಕುಸಿಯಬೇಕಾದರೆ ಅಡಿಯಲ್ಲಿ ಏನೋ ಟೊಳ್ಳು ಇರಬೇಕು. ಬಾಳೆದಿಂಡೋ ಮರದ ಪೆಟ್ಟಿಗೆಯೋ ಹಾಕಿದ್ದಾನೆ ಅಂತ ನನ್ನ ಅಂದಾಜು. ದೊಡ್ಡಪ್ಪನ ನಾಯಿಗೂ ಆ ಜಾಗ ಅಂದ್ರೆ ಪ್ರಾಣ. ಅನ್ನ ಬಿಟ್ಟು ಅಲ್ಲೇ ಮಲಗ್ತದೆ, ಕೆರೀತದೆ, ಊಳಿಡ್ತದೆ. ಆಮೇಲೆ ಬೋಪು ಮೇಲೆ ಸಿಮೆಂಟ್ ಹಾಕಿಸ್ತೇನೆ ಅಂದ. ಬೇಡ ಅಂದೆ. ಗಾಳಿ ಇಲ್ಲದೆ ಗೊಬ್ಬರ ಆಗೋದಿಲ್ಲ."

"ಮೈಕ್ ಕೊಡು" ಎಂದು ಬೋಪಣ್ಣ ಎದ್ದ. ಪೂಣಚ್ಚ ಅವನನ್ನು ಎಡಗೈಯಿಂದ ಅಪ್ಪಿಕೊಂಡ. ಕಣ್ಣು ತುಂಬಿ ಬಂದಿತ್ತು.

"ನಾಚಿಕೊಳ್ತಾನೆ. ಸರಿ, ಮುಗಿಸ್ತೇನೆ. ಸ್ನೇಹಿತನ ಮದುವೆಗೆ ಬೆಳ್ಳಿ ಲೋಟ ಕೊಟ್ಟು ಏನು ಮಾಡೋದು? ಜೂನ್ ಮಳೆ ಹಿಡಿಯುವ ಮೊದಲು ಆ ಗುಂಡಿ ಖಾಲಿ ಆಗಬೇಕು. ಸುಣ್ಣದ ಗಟ್ಟಿ ಬೇರೆ ತೆಗೆದು, ಉಳಿದದ್ದಕ್ಕೆ ಹೊಸ ಸಗಣಿ ಸೇರಿಸಿದರೆ ಗೊಬ್ಬರ ಇನ್ನೂ ಉಳೀತದೆ. ಅದಕ್ಕೇ ನನ್ನ ಉಡುಗೊರೆ ಒಂದು ಜೆಸಿಬಿ. ನಾಳೆ ಬೆಳಿಗ್ಗೆ ತೋಟಕ್ಕೆ ಬರ್ತದೆ, ಬಾಡಿಗೆ ಕೊಟ್ಟಾಗಿದೆ. ಅಡಿಯವರೆಗೂ ತೆಗೀತಾನೆ. ಎಲ್ಲರೂ ಗ್ಲಾಸ್ ಎತ್ತಿ. ಬೋಪು ದೇಚುವಿಗೆ, ಕಾಶಿಯಲ್ಲಿರುವ ದೊಡ್ಡಪ್ಪನಿಗೆ!"

ಎದ್ದದ್ದು ಎರಡೇ ಗ್ಲಾಸ್, ಎರಡೂ ಮೈಸೂರಿನವರದ್ದು. ಸೋದರಮಾವ ಜೇಬಿನಿಂದ ಪೆನ್ನು ತೆಗೆದು, ಆಮಂತ್ರಣ ಪತ್ರದ ಹಿಂಬದಿ ತಿರುಗಿಸಿ ತೊಡೆ ಮೇಲಿಟ್ಟುಕೊಂಡರು.

"ಜೆಸಿಬಿ ಎಷ್ಟು ಗಂಟೆಗೆ ಅಂದ್ರಿ?"

"ಏಳಕ್ಕೆ, ಮಾವ. ನೀವೂ ಬನ್ನಿ, ತಿಂಡಿಗೆ ನೂಲ್ಪುಟ್ಟು ಮಾಡಿಸಿದ್ದೇನೆ."